ಹೇಳಬೇಕಾದಷ್ಟನ್ನೇ ಹೇಳುವ ರಜೆ ಅರ್ಜಿ: ಗರ್ಭಸ್ರಾವದ ನಂತರದ ಆರು ವಾರಗಳ ರಜೆ ಕುರಿತು ಒಂದು ಅಭ್ಯಾಸ ಲೇಖನ



ಗ್ರಾಮ ಪಂಚಾಯತಿ ಕಚೇರಿಯಲ್ಲಿ ಒಂದು ಅರ್ಜಿ ಎಷ್ಟು ಕೈಗಳನ್ನು ದಾಟುತ್ತದೆ ಎಂಬುದನ್ನು ತಾವೆಲ್ಲರೂ ಬಲ್ಲಿರಿ. ಮೊದಲು ಆವಕ ವಹಿಯಲ್ಲಿ ಅದರ ವಿಷಯ ದಾಖಲಾಗುತ್ತದೆ. ಅಲ್ಲಿಂದ ಅದು ಕಾರ್ಯದರ್ಶಿಯವರ ಮೇಜಿಗೆ, ಬಳಿಕ ಅಭಿವೃದ್ಧಿ ಅಧಿಕಾರಿಯ ಮೇಜಿಗೆ, ಕೆಲವೊಮ್ಮೆ ತಾಲ್ಲೂಕು ಪಂಚಾಯತಿಯ ಸಿಬ್ಬಂದಿ ಶಾಖೆಗೆ ಹೋಗುತ್ತದೆ. ನೀರಿನ ಸಂಪರ್ಕದ ಅರ್ಜಿಗೆ ಇದರಿಂದ ತೊಂದರೆಯಿಲ್ಲ. ಆದರೆ ಹೆಣ್ಣುಮಗಳೊಬ್ಬಳು ತನ್ನ ಗರ್ಭ ನಿಲ್ಲಲಿಲ್ಲವೆಂದು ರಜೆ ಕೇಳಿ ಬರೆದ ಕಾಗದವೂ ಇದೇ ದಾರಿಯಲ್ಲಿ ಸಾಗಿದರೆ ಏನಾಗುತ್ತದೆ? ನಮ್ಮ ಹಿಲ್ಲೂರಿನಂತಹ ಊರಿನಲ್ಲಿ, ಆಕೆ ಅಂಕೋಲೆಯ ಆಸ್ಪತ್ರೆಯಿಂದ ಮನೆಗೆ ತಲಪುವ ಮೊದಲೇ ಸುದ್ದಿ ಅಂಗಡಿಕಟ್ಟೆಗೆ ತಲಪಿರುತ್ತದೆ.

ನಾನು ಹಿಂದೆ ಸೇವೆ ಸಲ್ಲಿಸಿದ ಒಂದು ಕಚೇರಿಯಲ್ಲಿ ಹೀಗೆಯೇ ನಡೆಯಿತು. ಮಹಿಳಾ ಸಿಬ್ಬಂದಿಯೊಬ್ಬರು ಎರಡು ಪುಟಗಳ ಅರ್ಜಿ ಬರೆದಿದ್ದರು. ಎಷ್ಟನೇ ತಿಂಗಳು, ಯಾವ ಆಸ್ಪತ್ರೆ, ವೈದ್ಯರು ಏನೆಂದರು, ಮನೆಯವರು ಏನೆಂದರು ಎಲ್ಲವೂ ಅದರಲ್ಲಿತ್ತು. ಆವಕ ವಹಿಯ ವಿಷಯದ ಅಂಕಣದಲ್ಲಿ ಅದರ ಸಾರವನ್ನು ಹಾಗೆಯೇ ಬರೆದುಕೊಳ್ಳಲಾಯಿತು. ತಿಂಗಳ ಸಾಮಾನ್ಯ ಸಭೆಯಲ್ಲಿ ಸಿಬ್ಬಂದಿ ಕೊರತೆಯ ಮಾತು ಬಂದಾಗ ಯಾರೋ ಆ ವಹಿಯನ್ನು ತೆರೆದು ಓದಿದರು. ಆಗ ನಾನೂ ಸಭೆಯಲ್ಲಿದ್ದೆ, ತಡೆಯಲು ತಡಮಾಡಿದೆ. ಆಕೆ ಕೆಲಸಕ್ಕೆ ಮರಳಿದರು. ಆದರೆ ಅಂದಿನಿಂದ ಸದಸ್ಯರಿದ್ದ ಕೋಣೆಗೆ ಬರುವುದನ್ನು ತಪ್ಪಿಸತೊಡಗಿದರು. ಈ ಲೇಖನ ಅಲ್ಲಿಂದ ಹುಟ್ಟಿದ್ದು.

ಇದನ್ನು ಸದಸ್ಯರಿಗಾಗಿ ಬರೆಯಲು ಎರಡು ಕಾರಣಗಳಿವೆ. ಒಂದು, ಕರ ವಸೂಲಿ, ಗಣಕಯಂತ್ರ, ಗ್ರಂಥಾಲಯ, ಸ್ವಚ್ಛತೆ ಮುಂತಾದ ಕೆಲಸಗಳಲ್ಲಿ ಪಂಚಾಯತಿಗಾಗಿ ದುಡಿಯುವ ಮಹಿಳೆಯರ ಸೇವಾ ವಿಷಯಗಳು ತಮ್ಮ ಮುಂದೆ ಬರುತ್ತವೆ. ಇನ್ನೊಂದು, ಅರ್ಜಿ ಬರೆಯಲು ತಿಳಿಯದವರು ಮೊದಲು ಬರುವುದು ತಮ್ಮ ವಾರ್ಡಿನ ಸದಸ್ಯರ ಬಳಿಗೇ.

ಕಾಯ್ದೆ ಏನನ್ನು ಕೊಡುತ್ತದೆ

2020ರ ಸಾಮಾಜಿಕ ಭದ್ರತಾ ಸಂಹಿತೆಯ 65ನೇ ಕಲಮಿನಂತೆ, ಗರ್ಭಸ್ರಾವವಾದ ಅಥವಾ ವೈದ್ಯಕೀಯವಾಗಿ ಗರ್ಭ ತೆಗೆಸಿಕೊಂಡ ಮಹಿಳೆಗೆ ಆ ದಿನದ ಮರುದಿನದಿಂದ ಆರು ವಾರಗಳ ವೇತನಸಹಿತ ರಜೆ ದೊರೆಯಬೇಕು. ಅದಕ್ಕೆ ನಿಗದಿತ ಪುರಾವೆ ಒದಗಿಸಬೇಕು. ಗರ್ಭಸ್ರಾವದಿಂದ ಮುಂದುವರಿದ ಕಾಯಿಲೆ ಇದ್ದರೆ, ಅದೇ ಕಲಮಿನಂತೆ ಹೆಚ್ಚೆಂದರೆ ಇನ್ನೊಂದು ತಿಂಗಳ ರಜೆ ಸಿಗುತ್ತದೆ. ಅದಕ್ಕೆ ಬೇರೆ ಪ್ರಮಾಣಪತ್ರ ಬೇಕು. 1961ರ ಮಾತೃತ್ವ ಸೌಲಭ್ಯ ಕಾಯ್ದೆಯ 9 ಮತ್ತು 10ನೇ ಕಲಮುಗಳಲ್ಲಿದ್ದ ಈ ಆರು ವಾರ ಮತ್ತು ಒಂದು ತಿಂಗಳ ಅವಕಾಶಗಳನ್ನು, 2025ರಲ್ಲಿ ಅದರ ಜಾಗಕ್ಕೆ ಬಂದ ಈ ಸಂಹಿತೆಯಲ್ಲಿ ಉಳಿಸಿಕೊಳ್ಳಲಾಗಿದೆ. ರಾಜ್ಯ ಸರ್ಕಾರಿ ನೌಕರರಿಗೆ ಕರ್ನಾಟಕ ನಾಗರಿಕ ಸೇವಾ ನಿಯಮಾವಳಿಯ 135ನೇ ನಿಯಮದಡಿ, ವೈದ್ಯಕೀಯ ಪ್ರಮಾಣಪತ್ರದ ಆಧಾರದ ಮೇಲೆ ಆರು ವಾರ ಮೀರದ ರಜೆ ಇದೆ. ನಮ್ಮ ಭಾಗದ ಹಲವು ಮನೆಗಳ ಹೆಣ್ಣುಮಕ್ಕಳು ಕಾರವಾರದ ನೌಕಾನೆಲೆಯಲ್ಲಿ ನಾಗರಿಕ ನೌಕರರಾಗಿದ್ದಾರೆ. ಕೇಂದ್ರ ಸರ್ಕಾರದ ರಜೆ ನಿಯಮಗಳಿಗೆ ಒಳಪಟ್ಟವರಿಗೆ ಇದು ಇಡೀ ಸೇವಾವಧಿಗೆ ಒಟ್ಟು 45 ದಿನ. ಆದ್ದರಿಂದ ಅವರು ಎಷ್ಟು ದಿನ ಬಳಸಿದ್ದೇವೆ ಎಂಬ ಲೆಕ್ಕ ಇಟ್ಟುಕೊಳ್ಳಬೇಕು.

"ಆಕೆ ಖಾಯಂ ಅಲ್ಲ, ದಿನಗೂಲಿ, ಆಕೆಗೆಲ್ಲಿಯ ರಜೆ?" ಎಂಬ ಮಾತು ಸಭೆಗಳಲ್ಲಿ ಕೇಳಿಬರುವುದುಂಟು. ದೆಹಲಿ ಮಹಾನಗರ ಪಾಲಿಕೆಯೂ ಇದೇ ವಾದವನ್ನು ಸರ್ವೋಚ್ಚ ನ್ಯಾಯಾಲಯದವರೆಗೆ ಒಯ್ದಿತ್ತು. ಹಾಜರಿ ಪಟ್ಟಿಯ ಮೇಲೆ ದುಡಿಯುವ ದಿನಗೂಲಿ ಮಹಿಳೆಯರಿಗೂ ಮಾತೃತ್ವ ಸೌಲಭ್ಯ ಸಲ್ಲಬೇಕೆಂದು ನ್ಯಾಯಾಲಯ 2000ನೇ ಇಸವಿಯ ಮಾರ್ಚ್ 8ರಂದು ತೀರ್ಪಿತ್ತಿತು. ಪಾಲಿಕೆಯೂ ಪಂಚಾಯತಿಯೂ ಸ್ಥಳೀಯ ಸಂಸ್ಥೆಗಳೇ. ಆದ್ದರಿಂದ ಅರ್ಜಿಯನ್ನು ತಿರಸ್ಕರಿಸುವ ಮೊದಲು ಈ ತೀರ್ಪನ್ನು ನೆನೆಯುವುದು ಒಳಿತು.

ಇಲ್ಲಿ ಎರಡು ಅಂಶಗಳನ್ನು ವಿಶೇಷವಾಗಿ ಗಮನಿಸಬೇಕು. ಮೊದಲನೆಯದು, ಗರ್ಭ ತಾನಾಗಿ ಹೋದರೂ ವೈದ್ಯರ ಸಲಹೆಯಂತೆ ಕಾನೂನುಬದ್ಧವಾಗಿ ತೆಗೆಸಿಕೊಂಡರೂ ರಜೆಯ ಅವಧಿ ಒಂದೇ, ಆರು ವಾರ. ಆದ್ದರಿಂದ ಇವೆರಡರಲ್ಲಿ ಯಾವುದು ನಡೆಯಿತೆಂದು ಅರ್ಜಿಯಲ್ಲಿ ಬರೆಯುವ ಅಗತ್ಯವೇ ಇಲ್ಲ. ಎರಡನೆಯದು, 1961ರ ಕಾಯ್ದೆಯಲ್ಲಿ ಗರ್ಭಸ್ರಾವ ಎಂದರೆ ಗರ್ಭಾವಸ್ಥೆಯ 26ನೇ ವಾರದೊಳಗೆ ಅಥವಾ ಆ ವಾರದಲ್ಲಿ ನಡೆದದ್ದು ಎಂದಿತ್ತು. ಅದಕ್ಕಿಂತ ಮುಂದೆ ಮಗು ಮೃತವಾಗಿ ಜನಿಸಿದರೆ ಅದನ್ನು ಗರ್ಭಸ್ರಾವದ ರಜೆಯೆಂದು ಕೇಳಬಾರದು, ಹೆರಿಗೆಯ ಸೌಲಭ್ಯದ ಅಡಿಯಲ್ಲಿ ಕೇಳಬೇಕು. ಹೀಗಾಗಿ ವಾರಗಳ ಸಂಖ್ಯೆ ಕಚೇರಿಗೆ ಬೇಕಾಗುತ್ತದೆ. ಆದರೆ ಅದರ ಜಾಗ ಅರ್ಜಿಯಲ್ಲ, ವೈದ್ಯರ ಪ್ರಮಾಣಪತ್ರ.

ಯಾರಿಗೆ ಎಷ್ಟು ತಿಳಿಯಬೇಕು

ಕಾಮಗಾರಿಯ ಅಳತೆ ಪುಸ್ತಕದಲ್ಲಿ ಬಿಲ್ಲು ಪಾವತಿಗೆ ಬೇಕಾದ ಉದ್ದ, ಅಗಲ, ಆಳ ಬರೆಯುತ್ತೇವೆ. ಗೋಡೆ ಕಟ್ಟಿದವನ ಮನೆಯ ಕಥೆ ಬರೆಯುವುದಿಲ್ಲ. ರಜೆ ಅರ್ಜಿಗೂ ಇದೇ ಅಳತೆ ಸಾಕು. ಬರೆಯುವ ಮೊದಲು, ಈ ಕಾಗದವನ್ನು ನೋಡುವ ಪ್ರತಿಯೊಬ್ಬರೂ ಅದರಿಂದ ಯಾವ ಕೆಲಸ ಮಾಡಬೇಕಾಗಿದೆ ಎಂದು ಕೇಳಿಕೊಳ್ಳಬೇಕು.

ಆವಕ ವಹಿ ಬರೆಯುವವರಿಗೆ ಬೇಕಾದದ್ದು ಅರ್ಜಿದಾರರ ಹೆಸರು ಮತ್ತು "ರಜೆ ಕೋರಿಕೆ" ಎಂಬ ಎರಡು ಪದ. ಮೇಲಧಿಕಾರಿಗೆ ಬೇಕಾದದ್ದು ಯಾವ ದಿನದಿಂದ ಯಾವ ದಿನದವರೆಗೆ, ಯಾವ ನಿಯಮದಡಿ, ಆ ಅವಧಿಯಲ್ಲಿ ಕೆಲಸ ಯಾರ ಕೈಯಲ್ಲಿ, ತುರ್ತು ಬಂದರೆ ಯಾರನ್ನು ಸಂಪರ್ಕಿಸಬೇಕು ಎಂಬುದು. ಸಿಬ್ಬಂದಿ ಶಾಖೆಗೆ ಬೇಕಾದದ್ದು ಆ ನಿಯಮ ಅನ್ವಯಿಸುತ್ತದೆ ಎಂಬುದಕ್ಕೆ ಪುರಾವೆ, ಅಂದರೆ ಪ್ರಮಾಣಪತ್ರ. ಸಾಮಾನ್ಯ ಸಭೆಗೆ ಬೇಕಾದದ್ದು ಸಿಬ್ಬಂದಿಯೊಬ್ಬರು ಇಂತಹ ದಿನದವರೆಗೆ ಮಂಜೂರಾದ ರಜೆಯಲ್ಲಿದ್ದಾರೆ ಎಂಬ ಒಂದೇ ವಾಕ್ಯ. ಗರ್ಭ ನಿಲ್ಲದಿರಲು ಕಾರಣವೇನು, ಇದು ಎಷ್ಟನೆಯ ಸಲ, ಮನೆಯಲ್ಲಿ ಮಕ್ಕಳೆಷ್ಟು, ಆಕೆ ವಿವಾಹಿತೆಯೇ ಎಂಬ ಪ್ರಶ್ನೆಗಳಿಗೆ ಈ ಪಟ್ಟಿಯಲ್ಲಿ ಎಲ್ಲಿಯೂ ಜಾಗವಿಲ್ಲ. 1961ರ ಕಾಯ್ದೆ ಬಳಸಿದ ಪದವೂ "ಮಹಿಳೆ" ಎಂದಷ್ಟೇ.

ಎರಡು ತಪ್ಪು ಅರ್ಜಿಗಳು

ಮೊದಲ ತಪ್ಪು, ಎಲ್ಲವನ್ನೂ ಹೇಳುವುದು. ಮೇಲೆ ಹೇಳಿದ ಎರಡು ಪುಟದ ಅರ್ಜಿ ಆ ಬಗೆಯದು. ರಜೆ ಸಿಗಲಾರದೇನೋ ಎಂಬ ಅಂಜಿಕೆಯೇ ಇಂತಹ ಬರವಣಿಗೆಯ ಮೂಲ. ತನ್ನ ನೋವನ್ನು ಪೂರ್ತಿ ತೋರಿಸಿದರೆ ಮಾತ್ರ ಅಧಿಕಾರಿಗೆ ಕನಿಕರ ಹುಟ್ಟೀತೆಂದು ಆಕೆ ಎಣಿಸುತ್ತಾಳೆ. ಈ ರಜೆ ಕನಿಕರದಿಂದ ಕೊಡುವಂಥದ್ದಲ್ಲ, ನಿಯಮದಿಂದ ಬರುವಂಥದ್ದು ಎಂದು ತಿಳಿದರೆ ಆ ಎರಡು ಪುಟಗಳು ಬೇಕಾಗುವುದಿಲ್ಲ.

ಎರಡನೆಯ ತಪ್ಪು ಇದಕ್ಕೆ ತೀರ ವಿರುದ್ಧವಾದದ್ದು: "ನನಗೆ ಆರೋಗ್ಯ ಸರಿಯಿಲ್ಲದ ಕಾರಣ ಕೆಲವು ದಿನ ರಜೆ ನೀಡಬೇಕಾಗಿ ವಿನಂತಿ." ಇದು ಗುಟ್ಟನ್ನು ಕಾಪಾಡುವಂತೆ ಕಾಣುತ್ತದೆ, ಆದರೆ ಕಾಪಾಡುವುದಿಲ್ಲ. ಕಚೇರಿ ಇದನ್ನು ಸಾಮಾನ್ಯ ಅನಾರೋಗ್ಯದ ರಜೆಯೆಂದು ಪರಿಗಣಿಸುತ್ತದೆ. ಆಗ ಆಕೆಯ ಖಾತೆಯಲ್ಲಿರುವ ರಜೆ ಕಳೆಯುತ್ತದೆ, ಖಾತೆಯಲ್ಲಿ ಏನೂ ಇಲ್ಲದಿದ್ದರೆ ಸಂಬಳ ಕಡಿತವಾಗುತ್ತದೆ. "ಕೆಲವು ದಿನ" ಎಂದರೆ ಎಷ್ಟು ಎಂದು ಸಿಬ್ಬಂದಿ ಶಾಖೆ ಪತ್ರ ಬರೆದು ಕೇಳುತ್ತದೆ, "ಯಾವ ಕಾಯಿಲೆ?" ಎಂದು ಸಹೋದ್ಯೋಗಿಗಳು ದೂರವಾಣಿಯಲ್ಲಿ ಕೇಳುತ್ತಾರೆ. ಒಂದು ಕಾಗದದಲ್ಲಿ ಮುಗಿಯಬೇಕಾದ ಮಾತು ನಾಲ್ಕು ಪತ್ರಗಳಾಗಿ ಬೆಳೆಯುತ್ತದೆ. ಅಸ್ಪಷ್ಟ ಅರ್ಜಿಯಿಂದಲೇ ಹೆಚ್ಚು ಜನರಿಗೆ ವಿಷಯ ತಿಳಿಯುವುದು ಹೀಗೆ.

ಸರಿಯಾದ ಅರ್ಜಿ ಇವೆರಡರ ನಡುವಿನದು. ಅದರಲ್ಲಿ ನಿಯಮ ಸ್ಪಷ್ಟ, ದಿನಾಂಕ ಸ್ಪಷ್ಟ, ಪುರಾವೆ ಎಲ್ಲಿದೆ ಎಂಬುದು ಸ್ಪಷ್ಟ. ಉಳಿದದ್ದು ಮುಚ್ಚಿದ ಲಕೋಟೆಯೊಳಗೆ.

ಒಂದು ಮಾದರಿ, ಮೊದಲಿನಿಂದ ಕೊನೆಯವರೆಗೆ

ಅಭ್ಯಾಸಕ್ಕಾಗಿ ಒಂದು ಕಲ್ಪಿತ ಸಂದರ್ಭವನ್ನು ತೆಗೆದುಕೊಳ್ಳೋಣ. ಪಂಚಾಯತಿಯ ಗಣಕಯಂತ್ರ ನಿರ್ವಾಹಕಿಯೊಬ್ಬರಿಗೆ ಜೂನ್ 3ರಂದು, ಹನ್ನೊಂದನೇ ವಾರದಲ್ಲಿ ಗರ್ಭಸ್ರಾವವಾಗಿದೆ. ಅವರು ಆಸ್ಪತ್ರೆಯಲ್ಲಿದ್ದಾರೆ. ಮೊದಲ ದಿನ ಅರ್ಜಿ ಬರೆಯುವ ಸ್ಥಿತಿ ಇರುವುದಿಲ್ಲ. ಆಗ ಸಾಕಾಗುವುದು ಅಧಿಕಾರಿಯ ಮೊಬೈಲಿಗೆ ಮಾತ್ರ ಕಳುಹಿಸುವ ಎರಡು ಸಾಲು:

"ಸರ್, ವೈದ್ಯಕೀಯ ಕಾರಣದಿಂದ ಇಂದಿನಿಂದ ಕಚೇರಿಗೆ ಬರಲಾಗುವುದಿಲ್ಲ. ಎರಡು ಮೂರು ದಿನಗಳಲ್ಲಿ ಅರ್ಜಿ ಮತ್ತು ಪ್ರಮಾಣಪತ್ರ ಕಳುಹಿಸುತ್ತೇನೆ. ದಯವಿಟ್ಟು ಈ ವಿಷಯ ತಮ್ಮಲ್ಲಿಯೇ ಇರಲಿ."

ಈ ಸಂದೇಶವನ್ನು ಸಿಬ್ಬಂದಿಯ ವಾಟ್ಸ್ಯಾಪ್ ಗುಂಪಿಗೆ ಹಾಕಬಾರದು. ಅಧಿಕಾರಿಯೂ ಅದನ್ನು ಗುಂಪಿಗೆ ಮುಂದೂಡಬಾರದು. ಗುಂಪಿನಲ್ಲಿ "ಬೇಗ ಗುಣವಾಗಲಿ, ಏನಾಯಿತು?" ಎಂಬ ಒಳ್ಳೆಯ ಮನಸ್ಸಿನ ಪ್ರಶ್ನೆಯೇ ಆಕೆಗೆ ಉತ್ತರಿಸಲಾಗದ ಪ್ರಶ್ನೆಯಾಗುತ್ತದೆ.

ಮುಂದಿನದು ದಿನಗಳ ಲೆಕ್ಕ. ಆರು ವಾರ ಎಂದರೆ 42 ದಿನ. ಎಣಿಕೆ ಘಟನೆಯ ಮರುದಿನದಿಂದ ಆರಂಭವಾಗುತ್ತದೆ, ಅಂದರೆ ಜೂನ್ 4ರಿಂದ. ಜೂನ್ ತಿಂಗಳಲ್ಲಿ 27 ದಿನ, ಜುಲೈ ತಿಂಗಳಲ್ಲಿ 15 ದಿನ. ರಜೆ ಜುಲೈ 15ಕ್ಕೆ ಮುಗಿಯುತ್ತದೆ, ಜುಲೈ 16ರಂದು ಕರ್ತವ್ಯಕ್ಕೆ ಹಾಜರು. ಜೂನ್ 3 ಈ ಎಣಿಕೆಯ ಹೊರಗಿರುವುದರಿಂದ ಆ ಒಂದು ದಿನಕ್ಕೆ ಸಾಂದರ್ಭಿಕ ರಜೆ ಕೇಳಬೇಕು. ಬಹಳ ಅರ್ಜಿಗಳು ಹಿಂತಿರುಗುವುದು ಈ ಒಂದು ದಿನದ ಗೊಂದಲದಿಂದಲೇ.

ಅರ್ಜಿ ಹೀಗಿರಬಹುದು:

"ಗೋಪ್ಯ
ಇವರಿಗೆ: ಪಂಚಾಯತಿ ಅಭಿವೃದ್ಧಿ ಅಧಿಕಾರಿಯವರು
ವಿಷಯ: ರಜೆ ಮಂಜೂರು ಮಾಡುವ ಕುರಿತು
ಮಾನ್ಯರೇ,
ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಸಾಮಾಜಿಕ ಭದ್ರತಾ ಸಂಹಿತೆಯ 65ನೇ ಕಲಮು ಮತ್ತು ಅದಕ್ಕೆ ಸಮಾನವಾಗಿ ನನಗೆ ಅನ್ವಯಿಸುವ ನಿಯಮದಡಿ ಜೂನ್ 4ರಿಂದ ಜುಲೈ 15ರವರೆಗೆ ಆರು ವಾರಗಳ ವೇತನಸಹಿತ ರಜೆಯನ್ನು ಹಾಗೂ ಜೂನ್ 3ರಂದು ಒಂದು ದಿನದ ಸಾಂದರ್ಭಿಕ ರಜೆಯನ್ನು ಮಂಜೂರು ಮಾಡಬೇಕಾಗಿ ವಿನಂತಿಸುತ್ತೇನೆ. ವೈದ್ಯಕೀಯ ಪ್ರಮಾಣಪತ್ರವನ್ನು ಮುಚ್ಚಿದ ಲಕೋಟೆಯಲ್ಲಿ ಲಗತ್ತಿಸಿದೆ. ಅದನ್ನು ರಜೆ ಮಂಜೂರು ಮಾಡುವ ಅಧಿಕಾರಿಯವರು ಮಾತ್ರ ತೆರೆಯಬೇಕಾಗಿ ಕೋರುತ್ತೇನೆ.
ಬಾಕಿ ಇರುವ ಅರ್ಜಿಗಳ ಪಟ್ಟಿಯನ್ನು ಕಾರ್ಯದರ್ಶಿಯವರಿಗೆ ಒಪ್ಪಿಸಲಾಗುವುದು. ತುರ್ತು ವಿಷಯಗಳಿಗೆ ನನ್ನ ಪತಿಯವರ ದೂರವಾಣಿಯನ್ನು ಸಂಪರ್ಕಿಸಬಹುದು. ಸಹೋದ್ಯೋಗಿಗಳಿಗೆ ನಾನು ವೈದ್ಯಕೀಯ ರಜೆಯಲ್ಲಿರುವುದಾಗಿ ಮಾತ್ರ ತಿಳಿಸಬೇಕಾಗಿ ಪ್ರಾರ್ಥನೆ.
ಜುಲೈ 16ರಂದು ಕರ್ತವ್ಯಕ್ಕೆ ಹಾಜರಾಗುತ್ತೇನೆ.
ತಮ್ಮ ವಿಶ್ವಾಸಿ"

ಈ ಅರ್ಜಿಯಲ್ಲಿ "ಗರ್ಭಸ್ರಾವ" ಎಂಬ ಪದವೇ ಇಲ್ಲ ಎಂಬುದನ್ನು ಗಮನಿಸಿರಿ. ಆದರೂ ಅದು ಅಸ್ಪಷ್ಟವಲ್ಲ. 65ನೇ ಕಲಮು ಯಾವುದೆಂದು ಸಿಬ್ಬಂದಿ ಶಾಖೆಗೆ ಗೊತ್ತು, ಆವಕ ವಹಿಯನ್ನು ತಿರುವಿ ನೋಡುವವರಿಗೆ ಗೊತ್ತಾಗುವುದಿಲ್ಲ. ರಾಜ್ಯ ಸರ್ಕಾರಿ ನೌಕರರಾಗಿದ್ದರೆ ಸಂಹಿತೆಯ ಜಾಗದಲ್ಲಿ 135ನೇ ನಿಯಮವನ್ನು ಬರೆಯಬೇಕು. ಆ ನಿಯಮದಡಿ ಹೆರಿಗೆಯ ರಜೆಯೂ ಬರುವುದರಿಂದ "ಆರು ವಾರಗಳ ರಜೆ" ಎಂಬ ಮಾತನ್ನು ಬಿಡಬಾರದು. ಯಾವ ರಜೆ ಎಂಬುದನ್ನು ಶಾಖೆ ಅದರಿಂದಲೇ ತಿಳಿಯುತ್ತದೆ. ನಿಯಮ ಯಾವುದೆಂದು ಖಚಿತವಿಲ್ಲದವರು ಸಂಖ್ಯೆಯನ್ನು ಊಹಿಸಿ ಬರೆಯುವುದು ಬೇಡ. "ಪ್ರಮಾಣಪತ್ರದಲ್ಲಿ ನಮೂದಿಸಿದ ಕಾರಣಕ್ಕೆ ಅನ್ವಯಿಸುವ ಆರು ವಾರಗಳ ವಿಶೇಷ ರಜೆ, ಸಾಮಾನ್ಯ ಅನಾರೋಗ್ಯ ರಜೆಯಲ್ಲ" ಎಂದು ಬರೆದರೆ ಸಾಕು.

ಲಕೋಟೆಯೊಳಗಿನ ಪ್ರಮಾಣಪತ್ರ

ಪ್ರಮಾಣಪತ್ರದಲ್ಲಿ ಮಾತ್ರ ವಿಷಯ ನೇರವಾಗಿರಬೇಕು. ಹೆಸರು, ಘಟನೆಯ ದಿನಾಂಕ, ಗರ್ಭಾವಸ್ಥೆಯ ವಾರ, ವಿಶ್ರಾಂತಿ ಬೇಕಾದ ಅವಧಿ, ವೈದ್ಯರ ಸಹಿ, ಮೊಹರು ಮತ್ತು ನೋಂದಣಿ ಸಂಖ್ಯೆ ಇದ್ದರೆ ಪೂರ್ಣ. "ಚಿಕಿತ್ಸೆಯಲ್ಲಿದ್ದರು" ಎಂದಷ್ಟೇ ಬರೆದ ಚೀಟಿ ಹಿಂತಿರುಗಿ ಬರುತ್ತದೆ. ಆದ್ದರಿಂದ ಆಸ್ಪತ್ರೆಯಿಂದ ಹೊರಡುವ ಮೊದಲೇ ಇದನ್ನು ಓದಿ ನೋಡಬೇಕು. ಸ್ಕ್ಯಾನಿಂಗ್ ವರದಿ, ರಕ್ತ ಪರೀಕ್ಷೆ, ಔಷಧ ಚೀಟಿ ಇವುಗಳನ್ನು ಲಗತ್ತಿಸುವ ಅಗತ್ಯವಿಲ್ಲ. ಕೇಳಿದ ಪುರಾವೆಗಿಂತ ಹೆಚ್ಚು ಕೊಟ್ಟರೆ ಅದೆಲ್ಲವೂ ಕಡತದಲ್ಲಿ ಉಳಿಯುತ್ತದೆ.

ಕಚೇರಿಯ ಮೇಲೆ ಇರುವ ಕಟ್ಟುಪಾಡನ್ನು ಸದಸ್ಯರು ಇಲ್ಲಿ ತಿಳಿದಿರಬೇಕು. 2003ರ ವೈದ್ಯಕೀಯ ಗರ್ಭಸಮಾಪ್ತಿ ವಿನಿಯಮಗಳ ಪ್ರಕಾರ, ಗರ್ಭ ತೆಗೆಸಿಕೊಂಡ ಉದ್ಯೋಗಸ್ಥ ಮಹಿಳೆ ಕೇಳಿದರೆ ರಜೆಗಾಗಿ ಪ್ರಮಾಣಪತ್ರ ನೀಡಲು ವೈದ್ಯರಿಗೆ ಅವಕಾಶವಿದೆ. ಅದನ್ನು ಪಡೆದ ಉದ್ಯೋಗದಾತನು ಆ ಮಾಹಿತಿಯನ್ನು ಬೇರೆ ಯಾರಿಗೂ ತಿಳಿಸತಕ್ಕದ್ದಲ್ಲ ಎಂದು ಅದೇ ವಿನಿಯಮ ಹೇಳುತ್ತದೆ. ಗರ್ಭ ತಾನಾಗಿ ಹೋದ ಸಂದರ್ಭದಲ್ಲಿಯೂ ಇದೇ ಶಿಸ್ತನ್ನು ಪಾಲಿಸುವುದೇ ಸರಿ. ಏಕೆಂದರೆ ಒಂದನ್ನು ಬಹಿರಂಗವಾಗಿಟ್ಟು ಇನ್ನೊಂದನ್ನು ಮುಚ್ಚಿಟ್ಟರೆ, ಮುಚ್ಚಿಟ್ಟದ್ದು ಯಾವುದೆಂದು ಎಲ್ಲರೂ ಊಹಿಸಬಲ್ಲರು.

ಅರ್ಜಿ ಬಂದ ಮೇಲೆ ಕಚೇರಿಯಲ್ಲಿ

ಅರ್ಜಿ ಎಷ್ಟೇ ಚೆನ್ನಾಗಿದ್ದರೂ ಮಂಜೂರಾತಿ ಆದೇಶದಲ್ಲಿ ವಿಷಯ ಸೋರಬಹುದು. "ಗರ್ಭಸ್ರಾವವಾಗಿರುವ ಶ್ರೀಮತಿ ಇಂಥವರಿಗೆ" ಎಂದು ಆರಂಭವಾಗುವ ಆದೇಶದ ಪ್ರತಿ ಲೆಕ್ಕ ಶಾಖೆಗೂ ಸೂಚನಾ ಫಲಕಕ್ಕೂ ಹೋದರೆ ಲಕೋಟೆ ಮುಚ್ಚಿದ್ದು ವ್ಯರ್ಥ. ಆದೇಶದಲ್ಲಿ ನಿಯಮದ ಸಂಖ್ಯೆ, ದಿನಾಂಕ, ವೇತನಸಹಿತ ಎಂಬ ಪದ ಇಷ್ಟೇ ಇರಲಿ. ಪ್ರಮಾಣಪತ್ರವನ್ನು ಓದಿ, "ಪರಿಶೀಲಿಸಿದೆ" ಎಂದು ಅರ್ಜಿಯ ಮೇಲೆ ಷರಾ ಬರೆದು, ಲಕೋಟೆಯನ್ನು ಮತ್ತೆ ಮುಚ್ಚಿ ಸೇವಾ ಕಡತದಲ್ಲಿ ಇಡಬೇಕು.

ಯಾರಾದರೂ ಮಾಹಿತಿ ಹಕ್ಕಿನ ಅಡಿಯಲ್ಲಿ ಸಿಬ್ಬಂದಿಯ ರಜೆ ಕಡತ ಕೇಳಿದರೆ? 2005ರ ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಮು ವೈಯಕ್ತಿಕ ಮಾಹಿತಿಗೆ ವಿನಾಯಿತಿ ನೀಡುತ್ತದೆ. ಎಷ್ಟು ದಿನ ರಜೆ ಕೊಡಲಾಗಿದೆ ಎಂಬುದು ಕಚೇರಿಯ ಲೆಕ್ಕ. ಲಕೋಟೆಯೊಳಗಿನದು ಆಕೆಯ ವೈಯಕ್ತಿಕ ಮಾಹಿತಿ. ಇವೆರಡನ್ನು ಮೊದಲೇ ಬೇರೆ ಇಟ್ಟಿದ್ದರೆ ಉತ್ತರ ಕೊಡುವುದು ಸುಲಭ.

ಇನ್ನೊಂದು ಸಂಗತಿ ಸದಸ್ಯರಿಗೆ ನೇರವಾಗಿ ಸಂಬಂಧಿಸಿದ್ದು. ಕರ ವಸೂಲಿ ಅಭಿಯಾನವೋ ಗ್ರಾಮಸಭೆಯೋ ಇದ್ದಾಗ, "ಒಂದು ಗಂಟೆ ಬಂದು ಹೋಗಲಿ, ಪಾಸ್‌ವರ್ಡ್ ಆಕೆಗೆ ಮಾತ್ರ ಗೊತ್ತು" ಎಂದು ಕರೆಸುವ ಒತ್ತಡ ಬರುತ್ತದೆ. 2020ರ ಸಂಹಿತೆಯ 59ನೇ ಕಲಮು ಈ ಆರು ವಾರಗಳಲ್ಲಿ ತಿಳಿದೂ ಆಕೆಯಿಂದ ಕೆಲಸ ಮಾಡಿಸುವುದನ್ನು ನಿಷೇಧಿಸುತ್ತದೆ. ಆಕೆ ತಾನಾಗಿ ಬರಲು ಒಪ್ಪಿದರೂ ಕರೆಸಬಾರದು. 68ನೇ ಕಲಮಿನಂತೆ ಈ ಸಂಹಿತೆಯಡಿ ಗೈರುಹಾಜರಾದ ಅವಧಿಯಲ್ಲಿ ಆಕೆಯನ್ನು ಕೆಲಸದಿಂದ ತೆಗೆಯುವುದೂ ಕಾನೂನುಬಾಹಿರ. ಪಾಸ್‌ವರ್ಡ್ ಒಬ್ಬರ ಬಳಿ ಮಾತ್ರ ಇದ್ದರೆ ಅದು ಕಚೇರಿಯ ವ್ಯವಸ್ಥೆಯ ದೋಷ, ರಜೆಯಲ್ಲಿರುವವರ ದೋಷವಲ್ಲ.

ಜುಲೈ 15 ಸಮೀಪಿಸಿದಾಗ ಆಕೆಗೆ ಇನ್ನೂ ರಕ್ತಹೀನತೆಯೋ ಸೋಂಕೋ ಇದ್ದರೆ, ರಜೆ ಮುಗಿಯುವ ಮೊದಲೇ ಹೊಸ ಪ್ರಮಾಣಪತ್ರದೊಂದಿಗೆ 65ನೇ ಕಲಮಿನಡಿ ಎರಡನೆಯ ಅರ್ಜಿ ಬರಬೇಕು. ಅದೂ ಇದೇ ನಮೂನೆಯಲ್ಲಿ, ನಾಲ್ಕು ಸಾಲಿನಲ್ಲಿ. "ಹಿಂದಿನ ಅರ್ಜಿಯ ಮುಂದುವರಿಕೆಯಾಗಿ" ಎಂದು ಬರೆದರೆ ಮೊದಲಿನ ವಿಷಯವನ್ನು ಮತ್ತೆ ಹೇಳುವ ಅಗತ್ಯವಿಲ್ಲ.

ಸದಸ್ಯರಿಗೆ ಅಭ್ಯಾಸ

ಮುಂದಿನ ಸಭೆಗೆ ಮುಂಚೆ ತಮ್ಮ ಪಂಚಾಯತಿಯ ಆವಕ ವಹಿಯಲ್ಲಿ ಕಳೆದ ಮೂರು ತಿಂಗಳ ರಜೆ ಅರ್ಜಿಗಳ ವಿಷಯದ ಅಂಕಣ ಹೇಗೆ ಬರೆಯಲ್ಪಟ್ಟಿದೆ ಎಂದು ಅಭಿವೃದ್ಧಿ ಅಧಿಕಾರಿಯವರನ್ನು ಕೇಳಿರಿ. ವಹಿಯನ್ನು ತಾವೇ ತೆರೆದು ಓದುವುದು ಬೇಡ. ಕಾಯಿಲೆಯ ಹೆಸರು ಅಲ್ಲಿ ಇದ್ದರೆ, ಇನ್ನು ಮುಂದೆ "ರಜೆ ಕೋರಿಕೆ" ಎಂದಷ್ಟೇ ದಾಖಲಿಸಲು ಸೂಚಿಸಿರಿ. ಇದಕ್ಕೆ ಅನುದಾನ ಬೇಕಿಲ್ಲ.

ತಮ್ಮ ವಾರ್ಡಿನ ಹೆಣ್ಣುಮಗಳೊಬ್ಬಳು ಅರ್ಜಿ ಬರೆಸಿಕೊಳ್ಳಲು ಬಂದರೆ, ಮೂರೇ ಪ್ರಶ್ನೆ ಕೇಳಿರಿ: ಯಾವ ದಿನದಿಂದ, ಪ್ರಮಾಣಪತ್ರ ಇದೆಯೇ, ಯಾರನ್ನು ಸಂಪರ್ಕಿಸಬೇಕು. ನಾಲ್ಕನೆಯ ಪ್ರಶ್ನೆ ನಾಲಗೆಯ ತುದಿಗೆ ಬಂದರೂ ಕೇಳದಿರಿ. ಆಕೆ ತಾನಾಗಿ ಹೇಳಿದರೆ ಕೇಳಿಸಿಕೊಳ್ಳಿರಿ, ಅರ್ಜಿಯಲ್ಲಿ ಬರೆಯಬೇಡಿರಿ.

ಪಂಚಾಯತಿ ಅಭಿವೃದ್ಧಿ ಅಧಿಕಾರಿ
ಗ್ರಾಮ ಪಂಚಾಯತಿ, ಹಿಲ್ಲೂರು
ತಾಲ್ಲೂಕು ಅಂಕೋಲಾ, ಜಿಲ್ಲೆ ಉತ್ತರ ಕನ್ನಡ